ಇಬ್ಬರಲ್ಲಿ ಯಾರೂ ಬರುತ್ತಿಲ್ಲ: 'ಈಸ್' ಸರಿಯೋ, 'ಆರ್' ಸರಿಯೋ?

'ನೀದರ್ ಆಫ್ ದೆಮ್ ಈಸ್ ಕಮಿಂಗ್' ಎಂಬ ಇಂಗ್ಲಿಷ್ ವಾಕ್ಯದ ಅರ್ಥ 'ಅವರಿಬ್ಬರಲ್ಲಿ ಯಾರೂ ಬರುತ್ತಿಲ್ಲ' ಎಂದು. ಮಾತು ನಡೆದಿರುವುದು ಇಬ್ಬರ ಬಗ್ಗೆ. ಕ್ರಿಯಾಪದಕ್ಕೆ ಅಂಟಿಕೊಂಡೇ ನಿಂತಿರುವ 'ದೆಮ್' ಕೂಡ ಬಹುವಚನ. ಹಾಗಿದ್ದೂ ವ್ಯಾಕರಣದ ಪುಸ್ತಕಗಳು ಅಲ್ಲಿ 'ಆರ್' ಬೇಡ, 'ಈಸ್' ಹಾಕಿ ಎನ್ನುತ್ತವೆ. 'ನೀದರ್' ತೆಗೆದು 'ಬೋತ್' ಇಟ್ಟರೆ 'ಈಸ್' ಹೋಗಿ 'ಆರ್' ಬರುತ್ತದೆ. 'ಆಲ್' ಇಟ್ಟರೆ ಒಮ್ಮೆ 'ಈಸ್', ಇನ್ನೊಮ್ಮೆ 'ಆರ್'. 'ಈದರ್' ಮತ್ತೆ 'ಈಸ್' ಕಡೆಗೇ ವಾಲುತ್ತದೆ. ಈ ನಾಲ್ಕು ಪುಟ್ಟ ಪದಗಳ ಜೊತೆ ಕ್ರಿಯಾಪದ ಯಾವ ವಚನದಲ್ಲಿರಬೇಕು ಎಂಬ ಪ್ರಶ್ನೆ ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಗಳ 'ತಪ್ಪು ಗುರುತಿಸಿ' ವಿಭಾಗದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಚೇರಿಯ ಪತ್ರ, ಇಮೇಲ್ ಬರೆಯುವವರ ಕೈಯೂ ಇಲ್ಲಿಯೇ ಕ್ಷಣಕಾಲ ನಿಲ್ಲುತ್ತದೆ.

ಈ ತಡವರಿಕೆಗೆ ಕನ್ನಡದವರ ಮಟ್ಟಿಗೆ ಒಂದು ಸ್ಪಷ್ಟ ಕಾರಣವಿದೆ. ಕನ್ನಡದ ಕ್ರಿಯಾಪದ ಕರ್ತೃವಿನ ಲಿಂಗ, ವಚನ, ಪುರುಷ ಮೂರನ್ನೂ ಹೇಳುತ್ತದೆ: ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ. ಆದರೆ ವಾಕ್ಯ ನಿಷೇಧಕ್ಕೆ ತಿರುಗಿದ ಕೂಡಲೇ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಅವನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ, ನಾನು ಬರುವುದಿಲ್ಲ. 'ಇಲ್ಲ' ಎಲ್ಲರಿಗೂ ಒಂದೇ. ಆದ್ದರಿಂದ 'ಇಬ್ಬರಲ್ಲಿ ಯಾರೂ ಬರುತ್ತಿಲ್ಲ' ಎನ್ನುವಾಗ ಆ 'ಯಾರೂ' ಏಕವಚನವೋ ಬಹುವಚನವೋ ಎಂದು ಕನ್ನಡಿಗರು ತಲೆ ಕೆಡಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಇಂಗ್ಲಿಷಿನಲ್ಲಿ ನಿಷೇಧ ಕ್ರಿಯಾಪದವನ್ನು ಬಿಟ್ಟು 'ನೀದರ್' ಎಂಬ ಕರ್ತೃಪದದೊಳಗೇ ಹೋಗಿ ಕೂತಿದೆ. ಕ್ರಿಯಾಪದ ಎಂದಿನಂತೆ ವಚನ ತೋರಿಸಲೇಬೇಕು. ಕನ್ನಡ ಕೇಳದ ಪ್ರಶ್ನೆಯನ್ನು ಇಂಗ್ಲಿಷ್ ಕೇಳುತ್ತದೆ.

ಪುಸ್ತಕದ ನಿಯಮದ ಹಿಂದಿರುವ ತರ್ಕ ಸರಳ. 'ಈದರ್' ಎಂದರೆ ಎರಡರಲ್ಲಿ ಯಾವುದಾದರೂ ಒಂದು. 'ನೀದರ್' ಎಂದರೆ ಎರಡರಲ್ಲಿ ಒಂದೂ ಅಲ್ಲ. ಎರಡೂ ಪದಗಳು ಜೋಡಿಯನ್ನು ಬಿಡಿಸಿ, ಒಂದೊಂದನ್ನೇ ಎತ್ತಿ ನೋಡುತ್ತವೆ: ಇದು ಬರುತ್ತದೆಯೇ, ಅದು ಬರುತ್ತದೆಯೇ ಎಂದು. ಹಳೆಯ ಇಂಗ್ಲಿಷಿನಲ್ಲಿ ಇವುಗಳ ಬೇರು ಇರುವುದು 'ಎರಡರಲ್ಲಿ ಯಾವುದು' ಎಂಬ ಅರ್ಥದ ಪದದಲ್ಲಿ. ಇಂದಿನ 'ವೆದರ್' ಎಂಬ ಪದ ಅದರದೇ ಉಳಿಕೆ. ಒಂದೊಂದಾಗಿ ನೋಡುವುದರಿಂದ ಕ್ರಿಯಾಪದ ಏಕವಚನ. 'ಬೋತ್' ಹಾಗಲ್ಲ, ಅದು ಎರಡನ್ನೂ ಒಟ್ಟಿಗೆ ಹಿಡಿದು ತೋರಿಸುತ್ತದೆ, ಹಾಗಾಗಿ ಬಹುವಚನ.

ಪದದ ಮುಂದೆ ನಾಮಪದ ನೇರವಾಗಿ ಬಂದಾಗ ಯಾರಿಗೂ ಗೊಂದಲವಿಲ್ಲ. 'ನೀದರ್ ಬಸ್ ಸ್ಟಾಪ್ಸ್ ಹಿಯರ್', ಅಂದರೆ ಎರಡು ಬಸ್ಸುಗಳಲ್ಲಿ ಒಂದೂ ಇಲ್ಲಿ ನಿಲ್ಲುವುದಿಲ್ಲ. 'ಬಸ್' ಏಕವಚನದಲ್ಲಿದೆ, ಕ್ರಿಯಾಪದವೂ ಏಕವಚನದಲ್ಲಿದೆ. 'ಈದರ್ ಡೇ ಈಸ್ ಫೈನ್', ಎರಡರಲ್ಲಿ ಯಾವ ದಿನವಾದರೂ ಆದೀತು. ಇಲ್ಲಿ 'ಆರ್' ಹಾಕಬೇಕೆಂದು ಇಂಗ್ಲಿಷ್ ತಾಯ್ನುಡಿಯವರಿಗೂ ಅನಿಸುವುದಿಲ್ಲ, ಕಲಿಯುವವರಿಗೂ ಅನಿಸುವುದಿಲ್ಲ.

ತೊಡಕು ಶುರುವಾಗುವುದು 'ಆಫ್' ಬಂದಾಗ. 'ನೀದರ್' ಆದಮೇಲೆ 'ಆಫ್' ಬಂದರೆ ಅದರ ಮುಂದಿನ ಪದ ಬಹುವಚನದಲ್ಲೇ ಇರಬೇಕು, ಅದರ ಹಿಂದೆ 'ದಿ', 'ಮೈ', 'ದೀಸ್' ಥರದ ಒಂದು ಪದವೂ ಬೇಕು: 'ನೀದರ್ ಆಫ್ ದಿ ಬಸಸ್', 'ನೀದರ್ ಆಫ್ ಮೈ ಬ್ರದರ್ಸ್'. ಬರೀ 'ನೀದರ್ ಆಫ್ ಬಸಸ್' ಎಂದರೆ ತಪ್ಪು. ಹೀಗೆ ಕ್ರಿಯಾಪದದ ಪಕ್ಕದಲ್ಲೇ ಬಹುವಚನದ ಪದ ಬಂದು ಕೂತಾಗ ಕಿವಿ ಅದನ್ನೇ ಕರ್ತೃವೆಂದು ಭಾವಿಸಿ 'ಆರ್' ಬೇಡುತ್ತದೆ. ನಿಯಮದ ಪ್ರಕಾರ 'ಆಫ್ ದೆಮ್', 'ಆಫ್ ದಿ ಬಸಸ್' ಎಂಬವು ಯಾವ ಜೋಡಿಯಿಂದ ಆರಿಸಿದ್ದು ಎಂದು ಹೇಳುವ ಬಾಲಗಳು ಮಾತ್ರ. ಬಾಲವನ್ನು ಬೆರಳಿನಿಂದ ಮುಚ್ಚಿ ಓದಿದರೆ ಉಳಿಯುವುದು 'ನೀದರ್ ಈಸ್ ಕಮಿಂಗ್'. ಅಲ್ಲಿ 'ಈಸ್' ತಾನಾಗಿಯೇ ಬಾಯಿಗೆ ಬರುತ್ತದೆ.

ಬಾಲ ಉದ್ದವಾದಷ್ಟೂ ಮುಚ್ಚುವ ಉಪಾಯ ಹೆಚ್ಚು ಉಪಯೋಗಕ್ಕೆ ಬರುತ್ತದೆ. 'ನೀದರ್ ಆಫ್ ದಿ ಬುಕ್ಸ್ ದಟ್ ಆರ್ ಆನ್ ದಿ ಟೇಬಲ್ ಈಸ್ ಮೈನ್' ಎಂಬ ವಾಕ್ಯವನ್ನು ನೋಡಬಹುದು. ಮೇಜಿನ ಮೇಲಿರುವ ಎರಡು ಪುಸ್ತಕಗಳಲ್ಲಿ ಒಂದೂ ನನ್ನದಲ್ಲ ಎಂದು ಇದರ ಅರ್ಥ. ಒಂದೇ ವಾಕ್ಯದಲ್ಲಿ 'ಆರ್' ಕೂಡ ಇದೆ, 'ಈಸ್' ಕೂಡ ಇದೆ, ಎರಡೂ ಸರಿ. ಮೇಜಿನ ಮೇಲೆ ಇರುವವು ಪುಸ್ತಕಗಳು, ಅವು ಎರಡು, ಆದ್ದರಿಂದ 'ಆರ್'. ನನ್ನದಲ್ಲ ಎನಿಸಿಕೊಳ್ಳುತ್ತಿರುವುದು 'ನೀದರ್', ಅದು ಒಂದೊಂದಾಗಿ ನೋಡುವ ಪದ, ಆದ್ದರಿಂದ 'ಈಸ್'. ಪರೀಕ್ಷೆಯ ಪ್ರಶ್ನೆ ತಯಾರಿಸುವವರಿಗೆ ಇಂಥ ವಾಕ್ಯಗಳೆಂದರೆ ಬಲು ಪ್ರೀತಿ.

ಇಷ್ಟೇ ಆಗಿದ್ದರೆ ವಿಷಯ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಂಗ್ಲಿಷ್ ಆಡುವವರೇ ದಿನವೂ 'ನೀದರ್ ಆಫ್ ದೆಮ್ ಆರ್ ಕಮಿಂಗ್' ಎನ್ನುತ್ತಾರೆ. ಮಾತಿನಲ್ಲಂತೂ ಇದು ತೀರಾ ಸಾಮಾನ್ಯ, ಬರಹದಲ್ಲೂ ಅಪರೂಪವಲ್ಲ. ಇದನ್ನು ಬರೀ ಅಜಾಗ್ರತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ ಕ್ರಿಯಾಪದದ ವಚನವನ್ನು ನಿರ್ಧರಿಸುವ ಮೂರು ಸೆಳೆತಗಳನ್ನು ಬಿಡಿಸಿ ಹೇಳಿದ್ದಾರೆ. ಮೊದಲನೆಯದು ರೂಪದ ಸೆಳೆತ: ಕರ್ತೃಪದ ಏಕವಚನದ್ದಾದರೆ ಕ್ರಿಯಾಪದವೂ ಏಕವಚನ. ಎರಡನೆಯದು ಅರ್ಥದ ಸೆಳೆತ: ಮನಸ್ಸಿನಲ್ಲಿರುವುದು ಹಲವರಾದರೆ, ಪದದ ರೂಪ ಏನೇ ಇರಲಿ, ಬಹುವಚನ. ಮೂರನೆಯದು ನೆರೆಯ ಸೆಳೆತ: ಕ್ರಿಯಾಪದದ ಪಕ್ಕದಲ್ಲಿ ಯಾವ ಪದವಿದೆಯೋ ಅದರ ವಚನ.

'ನೀದರ್ ಆಫ್ ದೆಮ್' ಎಂಬಲ್ಲಿ ರೂಪ ಒಂದು ಕಡೆಗೆ ಎಳೆಯುತ್ತದೆ, ಅರ್ಥ ಮತ್ತು ನೆರೆ ಎರಡೂ ಸೇರಿ ಇನ್ನೊಂದು ಕಡೆಗೆ ಎಳೆಯುತ್ತವೆ. ಇಬ್ಬರೂ ಬರುತ್ತಿಲ್ಲ ಎಂಬುದೇ ಹೇಳುವವರ ಮನಸ್ಸಿನಲ್ಲಿರುವ ಮಾತು. ಅದು ಇಬ್ಬರ ವಿಷಯ. ಪಕ್ಕದಲ್ಲಿ 'ದೆಮ್' ಬೇರೆ ಇದೆ. ನಾಲಿಗೆ 'ಆರ್' ಕಡೆಗೆ ಜಾರಿದರೆ ಆಶ್ಚರ್ಯವೇನಿಲ್ಲ. 'ನೀದರ್ ಬಸ್' ಎನ್ನುವಾಗ ಯಾರೂ ಎಡವದಿರುವುದಕ್ಕೂ ಇದೇ ಕಾರಣ. ಅಲ್ಲಿ ರೂಪ, ನೆರೆ ಎರಡೂ ಏಕವಚನದ ಪಕ್ಷದಲ್ಲಿವೆ.

ಕಟ್ಟುನಿಟ್ಟಿನವರ ಬಾಯಲ್ಲೂ ಅರ್ಥದ ಸೆಳೆತ ಹೇಗೆ ಗೆಲ್ಲುತ್ತದೆ ಎಂಬುದಕ್ಕೆ ಒಂದು ಸಣ್ಣ ಸಾಕ್ಷಿಯಿದೆ. ವಾಕ್ಯದ ಕೊನೆಗೆ 'ಅಲ್ಲವೇ?' ಎಂಬರ್ಥದ ಪ್ರಶ್ನೆ ಸೇರಿಸಿದರೆ ಇಂಗ್ಲಿಷಿನವರು 'ನೀದರ್ ಆಫ್ ದೆಮ್ ಈಸ್ ಕಮಿಂಗ್, ಆರ್ ದೇ?' ಎನ್ನುತ್ತಾರೆ. ವಾಕ್ಯದ ಮೊದಲ ಭಾಗದಲ್ಲಿ ಪುಸ್ತಕದಂತೆ 'ಈಸ್', ಬಾಲದಲ್ಲಿ 'ಆರ್ ದೇ'. 'ಈಸ್ ಹೀ' ಎಂದು ಕೇಳಿದರೆ ಯಾವನು ಎಂದು ತಿರುಗಿ ಕೇಳಬೇಕಾದೀತು. 'ನೀದರ್' ತಾನೇ ನಿಷೇಧದ ಪದವಾದ್ದರಿಂದ ಬಾಲಪ್ರಶ್ನೆಯಲ್ಲಿ ಮತ್ತೆ 'ನಾಟ್' ಬರುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬಹುದು.

ಏಕವಚನದ ಈ ಕಟ್ಟಳೆ ಇಂದು ನಿನ್ನೆಯದಲ್ಲ. 1762ರಲ್ಲಿ ಬಂದ ರಾಬರ್ಟ್ ಲೋತ್ ಅವರ ಚಿಕ್ಕ ವ್ಯಾಕರಣ ಪುಸ್ತಕದಲ್ಲಿಯೇ 'ಈಚ್', 'ಎವ್ರಿ', 'ಈದರ್' ಪದಗಳು ಏಕವಚನದ ಜೊತೆಗೆ ಮಾತ್ರ ಹೊಂದುತ್ತವೆ ಎಂದಿದೆ. ಲಿಂಡ್ಲಿ ಮರ್ರಿ ಅವರ 1795ರ ವ್ಯಾಕರಣ ಇಂಥ ನಿಯಮಗಳನ್ನು ಶಾಲೆಗಳಿಗೆ ಒಯ್ದಿತು. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ತಮ್ಮ ಪ್ರಯೋಗಕೋಶದಲ್ಲಿ ಇದೇ ಪಕ್ಷ ಹಿಡಿದರು. ಭಾರತದಲ್ಲಿ ತಲೆಮಾರುಗಳು ಕಲಿತ ರೆನ್ ಮತ್ತು ಮಾರ್ಟಿನ್ ಪುಸ್ತಕವೂ 'ಈದರ್', 'ನೀದರ್' ಜೊತೆ ಏಕವಚನವೇ ಬರಬೇಕು ಎನ್ನುತ್ತದೆ. ನಮ್ಮ ಶಾಲೆ ಮತ್ತು ಪರೀಕ್ಷೆಗಳ ನಿಯಮ ಬಂದದ್ದು ಈ ಸಾಲಿನಿಂದ. ಇನ್ನೊಂದು ಸಾಲಿನವರು ಜನ ನಿಜವಾಗಿ ಬರೆಯುವುದನ್ನು ಕೂಡಿಹಾಕಿ ನೋಡಿದವರು. 1989ರ ಮೆರಿಯಮ್-ವೆಬ್‌ಸ್ಟರ್ ಪ್ರಯೋಗಕೋಶ ಒಳ್ಳೆಯ ಬರಹಗಾರರೇ 'ನೀದರ್ ಆಫ್' ಜೊತೆ ಬಹುವಚನ ಬಳಸಿರುವುದನ್ನು ಉದಾಹರಣೆಗಳೊಂದಿಗೆ ತೋರಿಸಿತು. ರೇಮಂಡ್ ಮರ್ಫಿ ಅವರ ಕಲಿಕೆಯ ಪುಸ್ತಕ ಎರಡನ್ನೂ ಒಪ್ಪುತ್ತದೆ.

ಹಾಗಾದರೆ ಯಾವುದನ್ನು ಬರೆಯಬೇಕು? ಪರೀಕ್ಷೆ, ಅರ್ಜಿ, ಕಚೇರಿ ಪತ್ರ, ಅಚ್ಚಾಗುವ ಬರಹ ಇಲ್ಲೆಲ್ಲ ಏಕವಚನವೇ ಲೇಸು, ಏಕೆಂದರೆ ಅದನ್ನು ತಪ್ಪೆನ್ನುವವರು ಯಾರೂ ಇಲ್ಲ. ಮಾತಿನಲ್ಲಿ ಯಾರಾದರೂ 'ಆರ್' ಎಂದರೆ ಅವರನ್ನು ತಿದ್ದಲು ಹೋಗಬೇಕಿಲ್ಲ. ಪ್ರಶ್ನೆಯ ರೂಪದಲ್ಲಂತೂ ಬಹುವಚನ ಇನ್ನೂ ಸಲೀಸಾಗಿ ಬರುತ್ತದೆ: 'ಆರ್ ಈದರ್ ಆಫ್ ಯು ಕಮಿಂಗ್?' ಎಂದು ಇಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವಾಗ 'ಈಸ್' ಎನ್ನುವುದು ಎಷ್ಟೋ ಜನರಿಗೆ ಬಿಗಿಯಾಗಿ ಕೇಳಿಸುತ್ತದೆ.

ಈ ಜಗಳದಿಂದ ನುಣುಚಿಕೊಳ್ಳುವ ದಾರಿಯೂ ಭಾಷೆಯೊಳಗೇ ಇದೆ. ಇಂಗ್ಲಿಷ್ ಕ್ರಿಯಾಪದ ವಚನ ತೋರಿಸುವುದು ವರ್ತಮಾನ ಕಾಲದಲ್ಲಿ, ಜೊತೆಗೆ 'ವಾಸ್', 'ವರ್' ಎಂಬ ಜೋಡಿಯಲ್ಲಿ. ಉಳಿದ ಭೂತಕಾಲದಲ್ಲಾಗಲಿ 'ವಿಲ್', 'ಕ್ಯಾನ್', 'ಮಸ್ಟ್' ಬಂದಾಗಲಾಗಲಿ ಭೇದವೇ ಇಲ್ಲ. 'ನೀದರ್ ಆಫ್ ದೆಮ್ ಕೇಮ್', 'ನೀದರ್ ಆಫ್ ದೆಮ್ ವಿಲ್ ಕಮ್' ಎಂದರೆ ಯಾವ ವ್ಯಾಕರಣಕಾರನಿಗೂ ತಕರಾರಿಲ್ಲ.

ಎರಡರ ಲೆಕ್ಕವನ್ನೂ ಮರೆಯುವ ಹಾಗಿಲ್ಲ. 'ಈದರ್', 'ನೀದರ್', 'ಬೋತ್' ಮೂರೂ ಎರಡಕ್ಕೆ ಕಟ್ಟುಬಿದ್ದ ಪದಗಳು. ಮೂರು ಅಂಗಡಿಗಳ ಮಾತು ಬಂದರೆ 'ಈದರ್ ಆಫ್ ದಿ ತ್ರೀ' ಎನ್ನುವಂತಿಲ್ಲ, 'ಎನಿ ಆಫ್ ದಿ ತ್ರೀ' ಎನ್ನಬೇಕು; 'ನೀದರ್' ಬದಲು 'ನನ್' ಬರಬೇಕು. 'ನನ್' ಮೂಲದಲ್ಲಿ 'ಒಂದೂ ಅಲ್ಲ' ಎಂಬ ಪದವೇ ಆದರೂ ಅದರ ಜೊತೆ ಏಕವಚನ, ಬಹುವಚನ ಎರಡೂ ಬಹುಕಾಲದಿಂದ ನಡೆದುಬಂದಿವೆ. ಈ ವಿಷಯದಲ್ಲಿ 'ನೀದರ್' ಮೇಲಿರುವಷ್ಟು ಬಿಗಿ ಅದರ ಮೇಲಿಲ್ಲ. ಇನ್ನು 'ಈದರ್' ಎನ್ನಬೇಕೋ 'ಐದರ್' ಎನ್ನಬೇಕೋ ಎಂಬ ಚರ್ಚೆಯಲ್ಲಿ ಗೆಲ್ಲುವವರಿಲ್ಲ. ಎರಡು ಉಚ್ಚಾರಣೆಗಳೂ ಸರಿ.

'ಈದರ್' ಪದಕ್ಕೆ 'ಆರ್' ಎಂಬ ಇನ್ನೊಂದು ಸಂಗಾತಿ ಪದ ಜೊತೆಯಾದಾಗ (ಕ್ರಿಯಾಪದದ 'ಆರ್' ಅಲ್ಲ, 'ಅಥವಾ' ಎಂಬರ್ಥದ್ದು) ಮತ್ತು 'ನೀದರ್' ಪದಕ್ಕೆ 'ನಾರ್' ಜೊತೆಯಾದಾಗ ನಿಯಮ ಬದಲಾಗುತ್ತದೆ. ಇಲ್ಲಿ ನೆರೆಯ ಸೆಳೆತವನ್ನೇ ಪುಸ್ತಕಗಳೂ ಒಪ್ಪಿಕೊಂಡಿವೆ: ಕ್ರಿಯಾಪದಕ್ಕೆ ಯಾರು ಹತ್ತಿರವೋ ಅವರ ವಚನ, ಅವರ ಪುರುಷ. 'ನೀದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ಆರ್ ಹಿಯರ್' ಎಂಬಲ್ಲಿ ಹತ್ತಿರವಿರುವವರು ವಿದ್ಯಾರ್ಥಿಗಳು, ಹಾಗಾಗಿ ಬಹುವಚನ. ಶಿಕ್ಷಕರನ್ನು ಕೊನೆಗೆ ತಂದರೆ ನಿಯಮದಂತೆ 'ಈಸ್' ಬರಬೇಕು, ಆದರೆ ವಿದ್ಯಾರ್ಥಿಗಳ ಹಿಂಡೇ ಮುಂದೆ ಇರುವಾಗ ಆ 'ಈಸ್' ಕಿವಿಗೆ ಒಗ್ಗುವುದಿಲ್ಲ. ಆದ್ದರಿಂದ ಬಹುವಚನದ ಪದವನ್ನು ಕ್ರಿಯಾಪದದ ಹತ್ತಿರ ಇಡಿ ಎಂದು ಪುಸ್ತಕಗಳು ಸಲಹೆ ಕೊಡುತ್ತವೆ. 'ನಾನು' ಎಂಬರ್ಥದ 'ಐ' ಕೊನೆಗೆ ಬಂದರೆ 'ನೀದರ್ ಹೀ ನಾರ್ ಐ ಆ್ಯಮ್ ರೆಸ್ಪಾನ್ಸಿಬಲ್' ಎನ್ನಬೇಕಾಗುತ್ತದೆ. ನಿಯಮಕ್ಕೆ ಸರಿ, ಕೇಳಲು ವಿಚಿತ್ರ. ಇಂಥ ಕಡೆ ಜಾಣರು ವಾಕ್ಯವನ್ನೇ ಬದಲಿಸಿ 'ಹೀ ಈಸ್ ನಾಟ್ ರೆಸ್ಪಾನ್ಸಿಬಲ್, ಅಂಡ್ ನೀದರ್ ಆ್ಯಮ್ ಐ' ಎಂದು ಬರೆದು ಪಾರಾಗುತ್ತಾರೆ.

'ಬೋತ್' ಪದದ ಹೊಂದಾಣಿಕೆಯಲ್ಲಿ ಹೇಳುವುದು ಹೆಚ್ಚಿಲ್ಲ. 'ಬೋತ್ ಬಸಸ್', 'ಬೋತ್ ಆಫ್ ದಿ ಬಸಸ್', 'ಬೋತ್ ದಿ ಬಸ್ ಅಂಡ್ ದಿ ಟ್ರೇನ್', ಯಾವ ರೂಪದಲ್ಲೇ ಬರಲಿ, ಕ್ರಿಯಾಪದ ಬಹುವಚನ. ಆದರೆ ಕನ್ನಡಿಗರು 'ಬೋತ್' ಜೊತೆ ಎಡವುವುದು ವಚನದಲ್ಲಿ ಅಲ್ಲ, ನಿಷೇಧದಲ್ಲಿ. 'ಇಬ್ಬರೂ ಬರಲಿಲ್ಲ' ಎಂದರೆ ಕನ್ನಡದಲ್ಲಿ ಒಬ್ಬರೂ ಬರಲಿಲ್ಲ ಎಂದೇ ಸಾಮಾನ್ಯ ಅರ್ಥ. ಅದನ್ನು ಹಾಗೆಯೇ 'ಬೋತ್ ಆಫ್ ದೆಮ್ ಡಿಡ್ ನಾಟ್ ಕಮ್' ಎಂದು ಇಂಗ್ಲಿಷಿಗೆ ಇಳಿಸಿದರೆ ಎರಡು ಅರ್ಥ ಹುಟ್ಟುತ್ತವೆ. ಒಬ್ಬರೂ ಬರಲಿಲ್ಲ ಎಂದೂ ಆಗಬಹುದು, ಬಂದದ್ದು ಇಬ್ಬರಲ್ಲ, ಒಬ್ಬರೇ ಎಂದೂ ಆಗಬಹುದು. ಓದುವವರು ಯಾವ ಅರ್ಥ ಹಿಡಿಯುತ್ತಾರೋ ಬರೆದವರಿಗೆ ಗೊತ್ತಾಗುವುದಿಲ್ಲ. ಒಬ್ಬರೂ ಬರಲಿಲ್ಲ ಎಂದಾದರೆ 'ನೀದರ್ ಆಫ್ ದೆಮ್ ಕೇಮ್' ಎನ್ನಬೇಕು. ಒಬ್ಬರೇ ಬಂದರು ಎಂದಾದರೆ 'ಓನ್ಲಿ ಒನ್ ಆಫ್ ದೆಮ್ ಕೇಮ್' ಎಂದು ನೇರವಾಗಿ ಹೇಳುವುದು ಒಳ್ಳೆಯದು. ವಚನದ ತಪ್ಪಿನಿಂದ ಅರ್ಥ ಕೆಡುವುದು ಅಪರೂಪ. ಈ ತಪ್ಪಿನಿಂದ ಅರ್ಥವೇ ಪಲ್ಲಟವಾಗುತ್ತದೆ. ಪರೀಕ್ಷೆಗಳಲ್ಲಿ ಮೊದಲನೆಯದಕ್ಕೇ ಅಂಕ ಕಳೆಯುವುದು ರೂಢಿಯಾದರೂ ನಿಜವಾಗಿ ಹೆಚ್ಚು ಎಚ್ಚರ ಬೇಕಾದದ್ದು ಎರಡನೆಯದರಲ್ಲಿ.

'ಆಲ್' ಈ ಗುಂಪಿನಲ್ಲಿ ಬೇರೆಯೇ ಜಾತಿ. ಅದಕ್ಕೆ ತನ್ನದೇ ವಚನವಿಲ್ಲ. ತಾನು ಯಾವುದನ್ನು ಪೂರ್ತಿ ಎನ್ನುತ್ತದೋ ಅದರ ವಚನವನ್ನು ಎರವಲು ಪಡೆಯುತ್ತದೆ. 'ಆಲ್ ದಿ ಚಿಲ್ಡ್ರನ್ ಆರ್ ಹಿಯರ್', ಆದರೆ 'ಆಲ್ ದಿ ಮಿಲ್ಕ್ ಈಸ್ ಗಾನ್'. 'ಆಫ್' ಬಂದರೂ ಇದೇ ಲೆಕ್ಕ: 'ಆಲ್ ಆಫ್ ದೆಮ್ ಆರ್', 'ಆಲ್ ಆಫ್ ಇಟ್ ಈಸ್'. ಕನ್ನಡಿಗರಿಗೆ ಇದು ಕಷ್ಟವಾಗಬಾರದು, ಏಕೆಂದರೆ ಕನ್ನಡದ 'ಎಲ್ಲ' ನಡೆದುಕೊಳ್ಳುವುದೂ ಹೀಗೆಯೇ. ಮಕ್ಕಳೆಲ್ಲ ಬಂದರು, ಹಾಲೆಲ್ಲ ಚೆಲ್ಲಿತು. ಬಾಲ ಮುಚ್ಚುವ ಉಪಾಯ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು. 'ನೀದರ್' ಜೊತೆ ಮುಚ್ಚಿಡಬೇಕಾದ ಬಾಲವನ್ನೇ 'ಆಲ್' ಜೊತೆ ತೆರೆದು ನೋಡಬೇಕು. ಎರಡೂ ಪದಗಳನ್ನು ಒಂದೇ ನಿಯಮದಡಿ ಕಲಿಸಹೊರಟರೆ ಮಕ್ಕಳು ಗೊಂದಲಕ್ಕೆ ಬೀಳುವುದು ಇಲ್ಲಿಯೇ.

ಬಾಲವೇ ಇಲ್ಲದೆ 'ಆಲ್' ಒಂಟಿಯಾಗಿ ಬಂದಾಗ ಅರ್ಥ ನೋಡಿ ನಿರ್ಧರಿಸಬೇಕು. ಎಲ್ಲ ಜನರು ಎಂದಾದರೆ ಬಹುವಚನ: 'ಆಲ್ ಆರ್ ವೆಲ್‌ಕಮ್', ಎಲ್ಲರಿಗೂ ಸ್ವಾಗತ. ಎಲ್ಲ ಸಂಗತಿ ಎಂದಾದರೆ ಏಕವಚನ: 'ಆಲ್ ಈಸ್ ವೆಲ್', ಎಲ್ಲವೂ ಕ್ಷೇಮ. ಕನ್ನಡದ 'ಎಲ್ಲರೂ' ಮತ್ತು 'ಎಲ್ಲವೂ' ಪದಗಳ ನಡುವಿನ ಗೆರೆಯೇ ಇಲ್ಲಿ 'ಆರ್' ಮತ್ತು 'ಈಸ್' ನಡುವೆಯೂ ಹಾದುಹೋಗುತ್ತದೆ. ಇದರ ಜೊತೆಗೆ ಇನ್ನೊಂದು ಬಳಕೆಯಿದೆ. 'ಆಲ್ ಐ ನೀಡ್ ಈಸ್ ಟೂ ಚೇರ್ಸ್', ನನಗೆ ಬೇಕಿರುವುದು ಎರಡು ಕುರ್ಚಿ, ಅಷ್ಟೇ. ಇಲ್ಲಿ 'ಆಲ್' ಎಂದರೆ 'ಎಲ್ಲ' ಅಲ್ಲ, 'ಇಷ್ಟು ಮಾತ್ರ'. ಮುಂದೆ ಬಹುವಚನದ ಕುರ್ಚಿಗಳಿದ್ದರೂ ಕ್ರಿಯಾಪದ ಏಕವಚನ, ಏಕೆಂದರೆ ಕರ್ತೃ ಕುರ್ಚಿಗಳಲ್ಲ, 'ಬೇಕಿರುವುದು'.

ನಿಷೇಧದ ತೊಡಕು 'ಆಲ್' ಜೊತೆಗೂ ಇದೆ. 'ಆಲ್ ದಿ ಶಾಪ್ಸ್ ಆರ್ ನಾಟ್ ಓಪನ್' ಎಂದರೆ ಒಂದೂ ತೆರೆದಿಲ್ಲ ಎಂದೋ, ಕೆಲವು ಮಾತ್ರ ತೆರೆದಿವೆ ಎಂದೋ ತಿಳಿಯುವುದಿಲ್ಲ. ಮೊದಲನೆಯದಕ್ಕೆ 'ನನ್ ಆಫ್ ದಿ ಶಾಪ್ಸ್', ಎರಡನೆಯದಕ್ಕೆ 'ನಾಟ್ ಆಲ್ ದಿ ಶಾಪ್ಸ್' ಎಂದರೆ ಸಂಶಯಕ್ಕೆ ಎಡೆಯಿಲ್ಲ. ಕನ್ನಡದ 'ಎಲ್ಲ ಅಂಗಡಿಗಳೂ ತೆರೆದಿಲ್ಲ' ಎಂಬ ವಾಕ್ಯದಲ್ಲೂ ಇದೇ ಮಬ್ಬು ಇದೆ. ಮಾತಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದರಿಂದ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಕಾಗದದ ಮೇಲೆ ಆ ಒತ್ತು ಕಾಣುವುದಿಲ್ಲ.

ಇವೆಲ್ಲ ಒಂದೇ ಕಡೆ ಎದುರಾದರೆ ಹೇಗಿರುತ್ತದೆ ಎಂದು ನೋಡಲು ಒಂದು ಇಮೇಲನ್ನು ಊಹಿಸಿಕೊಳ್ಳಬಹುದು. ಒಂದು ಕಾಲೇಜಿನ ಸಮಾರಂಭಕ್ಕೆ ಇಬ್ಬರು ಅತಿಥಿಗಳನ್ನು ಕರೆಯಲಾಗಿದೆ, ಇಬ್ಬರೂ ಬರುತ್ತಿಲ್ಲ. ಕಾರ್ಯದರ್ಶಿ ಪ್ರಾಂಶುಪಾಲರಿಗೆ ನಾಲ್ಕು ಸಾಲು ಬರೆಯುತ್ತಾರೆ. ಮೊದಲ ಸಾಲು 'ಬೋತ್ ದಿ ಗೆಸ್ಟ್ಸ್ ಆರ್ ನಾಟ್ ಕಮಿಂಗ್'. ವಚನ ಸರಿಯಾಗಿದೆ, ಅರ್ಥ ಅಲುಗಾಡುತ್ತಿದೆ. ಒಬ್ಬರಾದರೂ ಬರುತ್ತಾರೆಂದು ಪ್ರಾಂಶುಪಾಲರು ಒಂದು ಹಾರ ತರಿಸಿಟ್ಟರೆ ತಪ್ಪು ಅವರದಲ್ಲ. ಅದು 'ನೀದರ್ ಆಫ್ ದಿ ಗೆಸ್ಟ್ಸ್ ಈಸ್ ಕಮಿಂಗ್' ಎಂದಾಗಬೇಕು. ಎರಡನೆಯ ಸಾಲು 'ನೀದರ್ ಆಫ್ ದೆಮ್ ಹ್ಯಾವ್ ಸೆಂಟ್ ಎ ಲೆಟರ್'. ಮಾತಿನಲ್ಲಾದರೆ ನಡೆಯುತ್ತಿತ್ತು, ಪ್ರಾಂಶುಪಾಲರಿಗೆ ಬರೆಯುವಾಗ 'ಹ್ಯಾಸ್' ಹಾಕುವುದು ವಾಸಿ.

ಮೂರನೆಯ ಸಾಲಿನಲ್ಲಿ ಕಾರ್ಯದರ್ಶಿ ಪರ್ಯಾಯ ಸೂಚಿಸುತ್ತಾರೆ: 'ಈದರ್ ದಿ ಲೆಕ್ಚರರ್ಸ್ ಆರ್ ದಿ ವಾರ್ಡನ್ ಆರ್ ರೆಡಿ ಟು ಸ್ಪೀಕ್'. ಇಲ್ಲಿ ಎರಡು ಸಲ 'ಆರ್' ಇದೆ. ಮೊದಲನೆಯದು 'ಅಥವಾ', ಎರಡನೆಯದು ಕ್ರಿಯಾಪದ. ಕ್ರಿಯಾಪದಕ್ಕೆ ಹತ್ತಿರವಿರುವುದು ವಾರ್ಡನ್ ಒಬ್ಬರೇ ಆದ್ದರಿಂದ ನಿಯಮ 'ಈಸ್' ಕೇಳುತ್ತದೆ. ಅದಕ್ಕಿಂತ ವಾರ್ಡನ್‌ರನ್ನು ಮುಂದಕ್ಕೆ, ಉಪನ್ಯಾಸಕರನ್ನು ಹಿಂದಕ್ಕೆ ಇಟ್ಟು ಬಹುವಚನವನ್ನೇ ಉಳಿಸಿಕೊಳ್ಳುವುದು ಚೆನ್ನ. ಕೊನೆಯ ಸಾಲು 'ಆಲ್ ದಿ ಫರ್ನಿಚರ್ ಹ್ಯಾವ್ ಅರೈವ್ಡ್'. ಕುರ್ಚಿ, ಮೇಜು ಎಷ್ಟೇ ಇರಲಿ, 'ಫರ್ನಿಚರ್' ಎಂಬ ಪದ ಇಂಗ್ಲಿಷಿನಲ್ಲಿ ಹಾಲು, ನೀರಿನಂತೆ ಎಣಿಕೆಗೆ ಸಿಗದ ಪದ. 'ಆಲ್' ಅದರ ವಚನವನ್ನೇ ಎರವಲು ಪಡೆಯುವುದರಿಂದ 'ಹ್ಯಾಸ್' ಬರಬೇಕು. 'ಲಗೇಜ್', 'ಇನ್ಫರ್ಮೇಶನ್', 'ಅಡ್ವೈಸ್' ಪದಗಳೂ ಇದೇ ಗುಂಪಿನವು. 'ಆಲ್' ಜೊತೆ ಭಾರತೀಯರು ಮಾಡುವ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು 'ಆಲ್' ಪದದಿಂದಲ್ಲ, ಅದರ ಹಿಂದೆ ಬರುವ ಇಂಥ ನಾಮಪದಗಳಿಂದ.

ಕ್ರಿಯಾಪದದ ಜೊತೆಗೆ ಸರ್ವನಾಮದ ಹೊಂದಾಣಿಕೆಯೂ ಒಂದಿಷ್ಟು ಉಳಿಯುತ್ತದೆ. ಇಬ್ಬರು ಹುಡುಗರಲ್ಲಿ ಯಾರೂ ಪುಸ್ತಕ ತಂದಿಲ್ಲ ಎನ್ನಲು ಹಳೆಯ ಪುಸ್ತಕಗಳು 'ನೀದರ್ ಆಫ್ ದಿ ಬಾಯ್ಸ್ ಹ್ಯಾಸ್ ಬ್ರಾಟ್ ಹಿಸ್ ಬುಕ್' ಎನ್ನುತ್ತವೆ. ಇಬ್ಬರೂ ಹುಡುಗಿಯರಾದರೆ 'ಹರ್'. ಒಬ್ಬ ಹುಡುಗ, ಒಬ್ಬಳು ಹುಡುಗಿ ಆದಾಗ 'ಹಿಸ್' ಎಂದರೂ ಸರಿಹೊಂದದು, 'ಹರ್' ಎಂದರೂ ಸರಿಹೊಂದದು. ಅಲ್ಲಿ 'ದೇರ್' ಬಳಸುವುದು ಇಂದು ಬರಹದಲ್ಲೂ ಒಪ್ಪಿತವಾಗಿದೆ: 'ನೀದರ್ ಆಫ್ ದೆಮ್ ಹ್ಯಾಸ್ ಬ್ರಾಟ್ ದೇರ್ ಬುಕ್'. ಕ್ರಿಯಾಪದ ಏಕವಚನದಲ್ಲಿ, ಸರ್ವನಾಮ ಬಹುವಚನದ ರೂಪದಲ್ಲಿ ಒಂದೇ ವಾಕ್ಯದಲ್ಲಿ ಇದ್ದರೂ ಓದುವವರಿಗೆ ಅಡ್ಡಿಯಾಗುವುದಿಲ್ಲ. ಒಬ್ಬರನ್ನೇ 'ಅವರು' ಎಂದು ಕರೆದು ಅಭ್ಯಾಸವಿರುವ ಕನ್ನಡಿಗರಿಗಂತೂ ಇದರಲ್ಲಿ ವಿಚಿತ್ರವೇನೂ ಕಾಣದು.